ಕಾರ್ಡ್ ಜೋಡಿಸುವ ಮಗು ಕಥೆ ಯಾಕೆ ಹೇಳುವುದಿಲ್ಲ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ನಲಿ-ಕಲಿ ಶಿಕ್ಷಕಿ. ಒಂದನೇ ತರಗತಿಯಲ್ಲಿ 14 ಮಕ್ಕಳಿದ್ದಾರೆ. ಕಾಗಕ್ಕ ಗುಬ್ಬಕ್ಕನ ಕಥೆಗೆ ಮೂರು ಚಿತ್ರಕಾರ್ಡ್ ಮಾಡಿದ್ದೇನೆ: ಮೊದಲು, ನಡುವೆ, ಕೊನೆ. ಮಕ್ಕಳು ಸರಸರ ಅಂತ ಸರಿಯಾಗಿ ಜೋಡಿಸಿಬಿಡ್ತಾರೆ. ಆದರೆ "ಈಗ ಕಥೆ ಹೇಳು" ಅಂದ್ರೆ, "ಇದು ಕಾಗಿ. ಇದು ಮನಿ. ಮಳಿ ಬರಾಕತ್ತೈತಿ" ಅಂದು ಸುಮ್ಮನಾಗ್ತಾರೆ. ಕಾರ್ಡ್ ಮೂರೇ ಇರೋದು ಕಡಿಮೆ ಆಯ್ತಾ? ಆರು ಮಾಡ್ಲಾ? ತಾಂಡಾದಿಂದ ಬರುವ ಇಬ್ಬರು ಬಾಯೇ ಬಿಡೋದಿಲ್ಲ, ಅವರಿಗೆ ಏನು ಮಾಡ್ಲಿ?

ಉತ್ತರ: ನಿಮ್ಮ ಮಕ್ಕಳ ಮಾತನ್ನು ಅವರು ಆಡಿದ ಹಾಗೇ ಬರೆದು ಕಳಿಸಿದ್ದೀರಿ. ಅದರಿಂದ ತುಂಬ ಅನುಕೂಲವಾಯಿತು. ಉತ್ತರದ ಅರ್ಧ ಭಾಗ ಆ ಒಂದು ಸಾಲಿನಲ್ಲೇ ಇದೆ.

"ಮಳಿ ಬರಾಕತ್ತೈತಿ" ಅಂದಿದ್ದಾರೆ. "ಮಳಿ ಬಂತು" ಅಂದಿಲ್ಲ, "ಮಳಿ ಬಂತಂತ" ಅಂತಲೂ ಅಂದಿಲ್ಲ. ನಮ್ಮ ಭಾಷೆಯಲ್ಲಿ ಕಥೆ ನಡೆಯುವುದು ಆಗಿಹೋದ ಕಾಲದಲ್ಲಿ. ಅಜ್ಜಿ ಕಥೆ ಶುರು ಮಾಡುವುದೇ "ಒಂದೂರಾಗ ಒಂದು ಕಾಗಿ ಇತ್ತಂತ" ಅಂತ. ಆ ಕೊನೆಯ "ಅಂತ", ಮೈಸೂರು ಕಡೆಯ "ಅಂತೆ", ಇದು ಕಥೆ ಅನ್ನುವುದನ್ನು ಕೇಳುವವರಿಗೆ ತಿಳಿಸಿಬಿಡುತ್ತದೆ. ಕಣ್ಣೆದುರು ಇರುವುದನ್ನು ತೋರಿಸಿ ಹೇಳುವಾಗ ಮಾತ್ರ ನಾವು "ಬರಾಕತ್ತೈತಿ, ಕುಂತೈತಿ, ನಿಂತೈತಿ" ಅನ್ನುತ್ತೇವೆ. ನಿಮ್ಮ ಮಕ್ಕಳು ಅದನ್ನೇ ಮಾಡುತ್ತಿದ್ದಾರೆ, ಚಿತ್ರ ನೋಡಿ ಚಿತ್ರದಲ್ಲಿರುವುದನ್ನು ಹೇಳುತ್ತಿದ್ದಾರೆ. ಅವರಿಗೆ ಕಥೆ ಮರೆತಿಲ್ಲ, ಮಾತೂ ಬಾರದೆ ಇಲ್ಲ. ನೀವು ಕೇಳಿದ್ದು ಚಿತ್ರದ ವಿವರಣೆ ಅಂತ ಅವರು ತಿಳಿದುಕೊಂಡಿದ್ದಾರೆ, ಅಷ್ಟೇ.

ಹಾಗೆ ತಿಳಿದುಕೊಳ್ಳಲು ಅವರಿಗೆ ಕಾರಣವೂ ಇದೆ. ಶಾಲೆಗೆ ಬಂದ ದಿನದಿಂದ ಚಿತ್ರ ಕೈಗೆ ಬಂದಾಗಲೆಲ್ಲ ನಾವು ಕೇಳುವ ಪ್ರಶ್ನೆ ಒಂದೇ: "ಈ ಚಿತ್ರದಲ್ಲಿ ಏನೇನು ಕಾಣ್ತದೆ?" ಸಂತೆಯ ಚಿತ್ರ, ಜಾತ್ರೆಯ ಚಿತ್ರ, ಹೊಲದ ಚಿತ್ರ ಯಾವುದೇ ಇರಲಿ, ಹೆಸರು ಹೇಳಿದರೆ ಶಹಬ್ಬಾಸ್. ಪದಗಳು ಹೆಚ್ಚಲು ಅದು ಒಳ್ಳೆಯ ಚಟುವಟಿಕೆ, ಬಿಡಬೇಕಾಗಿಲ್ಲ. ಆದರೆ ಮಗುವಿಗೆ ಅಭ್ಯಾಸವಾಗಿರುವ ಉತ್ತರವೂ ಅದೇ. ಕಥೆಯ ಕಾರ್ಡ್ ಕೈಗೆ ಕೊಟ್ಟಾಗಲೂ ಅದನ್ನೇ ಕೊಡುತ್ತದೆ. ಇನ್ನೊಂದು ಕಾರಣವೂ ಇದೆ. ಮಗುವಿನ ಎದುರು ಕೂತಿರುವ ನಿಮಗೆ ಆ ಮೂರು ಕಾರ್ಡ್‌ಗಳೂ ಕಾಣುತ್ತಿವೆ, ಕಥೆಯೂ ನಿಮಗೆ ಗೊತ್ತು. ಎಲ್ಲ ಗೊತ್ತಿರುವವರಿಗೆ, ಎಲ್ಲ ಕಾಣುತ್ತಿರುವವರಿಗೆ ಕಥೆಯನ್ನು ಮೊದಲಿಂದ ಯಾಕೆ ಹೇಳಬೇಕು? ಬೆರಳಿಟ್ಟು ತೋರಿಸಿದರೆ ಸಾಕಲ್ಲ.

ಹಾಗಾಗಿ ಆರು ಕಾರ್ಡ್ ಮಾಡಬೇಡಿ. ಈಗಿನ ಸ್ಥಿತಿಯಲ್ಲಿ ಆರು ಕಾರ್ಡ್ ಕೊಟ್ಟರೆ ಮೂರು ವಾಕ್ಯದ ಜಾಗದಲ್ಲಿ ಆರು ವಾಕ್ಯ ಬರುತ್ತವೆ, ಆರೂ "ಇದು ಕಾಗಿ, ಇದು ಮನಿ" ಜಾತಿಯವೇ. ಬದಲಾಗಬೇಕಾದದ್ದು ಕಾರ್ಡ್ ಯಾವಾಗ ಹೊರಗೆ ಬರುತ್ತದೆ, ಯಾರಿಗೆ ಕಾಣುತ್ತದೆ, ನೀವು ಏನು ಕೇಳುತ್ತೀರಿ ಎಂಬುದು.

ಮೊದಲು ಕಾರ್ಡ್‌ಗಳನ್ನೇ ಒಮ್ಮೆ ನೋಡೋಣ, ಯಾಕೆಂದರೆ ಈ ಕಥೆಯ ಮೂರು ಚಿತ್ರ ಬರೆಯುವಾಗ ಬಹಳ ಜನ ಒಂದು ಕಡೆ ಎಡವುತ್ತಾರೆ. ಕಥೆ ನಿಮಗೆ ಗೊತ್ತಿರುವುದೇ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆ ಬಂದು ಸಗಣಿ ಮನೆ ಕೊಚ್ಚಿಕೊಂಡು ಹೋಗುತ್ತದೆ. ನೆನೆದ ಕಾಗಕ್ಕ ಬಂದು ಬಾಗಿಲು ಬಡಿಯುತ್ತಾಳೆ. ಕೂಸಿಗೆ ಹಾಲು ಕುಡಿಸುತ್ತಿದ್ದೇನೆ ತಡಿ, ಎರೆಯುತ್ತಿದ್ದೇನೆ ತಡಿ, ಮಲಗಿಸುತ್ತಿದ್ದೇನೆ ತಡಿ ಅಂತ ಗುಬ್ಬಕ್ಕ ಒಳಗಿನಿಂದಲೇ ಹೇಳುತ್ತಾಳೆ, ಕಡೆಗೆ ಬಾಗಿಲು ತೆರೆಯುತ್ತಾಳೆ. ಆಮೇಲೆ ಏನಾಗುತ್ತದೆ ಎಂಬುದು ಊರಿಗೊಂದು ರೀತಿ ಇದೆ. ನಾನು ಒಂದನೇ ತರಗತಿಗೆ, ಕಾಗಕ್ಕ ಒಲೆ ಮುಂದೆ ಕೂತು ಮೈ ಕಾಯಿಸಿಕೊಳ್ಳುವಲ್ಲಿಗೆ ನಿಲ್ಲಿಸುತ್ತೇನೆ. ನಿಮ್ಮೂರಿನ ಅಜ್ಜಿಯರು ಬೇರೆ ಕೊನೆ ಹೇಳುತ್ತಾರಾದರೆ ಅದನ್ನೇ ಇಟ್ಟುಕೊಳ್ಳಿ. ಮನೆಯಲ್ಲಿ ಕೇಳಿದ ಕೊನೆ ಒಂದು, ಶಾಲೆಯಲ್ಲಿ ಕೇಳಿದ ಕೊನೆ ಇನ್ನೊಂದು ಆದರೆ ಮಗು ಹೇಳುವಾಗ ಅಲ್ಲೇ ತಡವರಿಸುತ್ತದೆ, ನಾವು ಅದನ್ನು ಮರೆವು ಅಂದುಕೊಳ್ಳುತ್ತೇವೆ.

ಎಡವುವುದು ಎಲ್ಲಿ ಅಂದರೆ, ಮೊದಲ ಕಾರ್ಡ್‌ನಲ್ಲಿ ಒಂದು ಕಾಗೆ, ಎರಡನೆಯದರಲ್ಲಿ ಮಳೆ, ಮೂರನೆಯದರಲ್ಲಿ ಒಂದು ಕಾಗೆ ಒಂದು ಗುಬ್ಬಿ ಬರೆದು ಮುಗಿಸುವುದು. ಈ ಮೂರು ಚಿತ್ರಗಳನ್ನು ಹೇಗೆ ಇಟ್ಟರೂ ಒಂದು ಕಥೆ ಆಗುತ್ತದೆ. ಕಾಗೆ, ಗುಬ್ಬಿ ಮಾತಾಡುತ್ತ ಕೂತಿದ್ದವು, ಮಳೆ ಬಂತು, ಗುಬ್ಬಿ ಹೋಯಿತು, ಕಾಗೆ ಒಂದೇ ಉಳಿಯಿತು. ಸರಿಯೇ ಇದೆಯಲ್ಲ! ಮಗು ಹಾಗೆ ಜೋಡಿಸಿದರೆ ತಪ್ಪು ಅನ್ನುವ ಹಕ್ಕು ನಮಗಿಲ್ಲ. ಹಿಂದೆ ತಿರುಗಿಸಲು ಆಗದಂಥ ಏನೋ ಒಂದು ಬದಲಾವಣೆ ಚಿತ್ರದಿಂದ ಚಿತ್ರಕ್ಕೆ ಕಾಣಬೇಕು. ಈ ಕಥೆಯಲ್ಲಿ ಅದು ಮನೆ. ಮೊದಲ ಕಾರ್ಡ್‌ನಲ್ಲಿ ಎರಡು ಮನೆ ಅಕ್ಕಪಕ್ಕ ಇರಲಿ, ಒಂದು ಕಂದು, ಒಂದು ಬೂದು. ನಡುವಿನ ಕಾರ್ಡ್‌ನಲ್ಲಿ ಮಳೆ ಸುರಿಯುತ್ತಿರಲಿ, ಕಂದು ಮನೆ ಕರಗಿ ಅರ್ಧ ನೀರಾಗಿರಲಿ, ಕಾಗೆ ಕಲ್ಲಿನ ಮನೆಯ ಬಾಗಿಲಲ್ಲಿ ಇರಲಿ. ಕೊನೆಯ ಕಾರ್ಡ್‌ನಲ್ಲಿ ಒಂದೇ ಮನೆ, ಒಳಗೆ ಒಲೆಯ ಮುಂದೆ ಕಾಗೆ, ಹೊರಗೆ ಕಂದು ಮನೆ ಇದ್ದ ಜಾಗದಲ್ಲಿ ಬರೀ ಕೆಸರು. ಈಗ "ಇದು ಯಾಕೆ ಕೊನೆ?" ಅಂತ ಕೇಳಿದರೆ ಮಗು ಬೆರಳಿಟ್ಟು "ಕಾಗಿ ಮನಿ ಇಲ್ಲಲ್ರೀ ಅಕ್ಕೋರ" ಅನ್ನುತ್ತದೆ. ಆ ಉತ್ತರ ಬಂದರೆ ಜೋಡಣೆಗೆ ಅರ್ಥವಿದೆ. ಹೇಳಲು ಬಾರದಿದ್ದರೆ, ನೆನಪಿನಿಂದ ಅಥವಾ ಕಾರ್ಡ್‌ನ ಮೂಲೆ ಹರಿದಿರುವ ಗುರುತಿನಿಂದ ಜೋಡಿಸಿದೆ ಅಂತ ಅರ್ಥ. ಒಂದೇ ಕಾರ್ಡ್ ತಿಂಗಳುಗಟ್ಟಲೆ ಬಳಸಿದಾಗ ಇದು ಆಗೇ ಆಗುತ್ತದೆ.

ಅಳತೆಗೆ ಎ4 ಹಾಳೆಯ ಅರ್ಧ ಸಾಕು. ಡ್ರಾಯಿಂಗ್ ಹಾಳೆ, ದಪ್ಪ ಸ್ಕೆಚ್ ಪೆನ್, ಮೂರೇ ಬಣ್ಣ. ಹೂವು, ಮೋಡ, ಸೂರ್ಯನ ಮುಖ, ಹಕ್ಕಿಗೆ ಟೋಪಿ ಏನೂ ಬೇಡ. ಚೆಂದ ಕಾಣಲಿ ಅಂತ ಒಂದು ಚಿಟ್ಟೆ ಬರೆದಿರೋ, ಮಗು ಚಿಟ್ಟೆಯಿಂದಲೇ ಕಥೆ ಶುರು ಮಾಡುತ್ತದೆ.

ಇನ್ನೊಂದು ಸಣ್ಣ ವಿಷಯ. ನಲಿ-ಕಲಿಯಲ್ಲಿ ಮಕ್ಕಳು ದುಂಡು ಕೂರುತ್ತಾರೆ. ನೀವು ಎದುರು ಕೂತು ನಿಮ್ಮ ಎಡದಿಂದ ಬಲಕ್ಕೆ ಕಾರ್ಡ್ ಇಟ್ಟರೆ, ಆಚೆ ಕೂತ ಮಗುವಿಗೆ ಕಥೆಯ ಕೊನೆ ಎಡದಲ್ಲಿರುತ್ತದೆ. ಓದು ಎಡದಿಂದ ಬಲಕ್ಕೆ ಅಂತ ಈಗಷ್ಟೇ ರೂಢಿಯಾಗುತ್ತಿರುವ ಕಣ್ಣಿಗೆ ಇದು ಗಲಿಬಿಲಿ. ಗೋಡೆಗೆ ಒಂದು ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿದರೆ ಎಲ್ಲರಿಗೂ ಒಂದೇ ದಿಕ್ಕು. ಕೆಳಗೇ ಜೋಡಿಸುವುದಾದರೆ ಒಂದು ರಟ್ಟಿನ ಪಟ್ಟಿ ಮಾಡಿ, ಅದರ ಎಡ ತುದಿಗೆ ಒಂದು ಬಾಗಿಲ ಚಿತ್ರ ಬರೆದು, "ಕಥೆ ಈ ಬಾಗಿಲಿಂದ ಒಳಗೆ ಬರ್ತದೆ" ಅಂತ ಹೇಳಿಕೊಡಿ.

ಈಗ ಹೇಳಿಸುವ ವಿಷಯ.

ಮೊದಲ ದಿನ ಕಾರ್ಡ್ ಹೊರಗೆ ತೆಗೆಯಲೇಬೇಡಿ. ಕಥೆ ಹೇಳಿ, ಪೂರ್ತಿಯಾಗಿ, ನಿಮ್ಮೂರಿನ ಮಾತಿನಲ್ಲಿ, ಬಾಗಿಲು ಬಡಿಯುವ ಸದ್ದಿನೊಂದಿಗೆ. "ಗುಬ್ಬಕ್ಕ ಗುಬ್ಬಕ್ಕ ಬಾಗಲಾ ತಗಿ" ಬಂದಾಗಲೆಲ್ಲ ಮಕ್ಕಳು ನೆಲ ಬಡಿಯಲಿ. ಎರಡನೇ ಸಲ ಬಡಿಯುವಷ್ಟರಲ್ಲಿ ಅವರೇ ಹೇಳತೊಡಗುತ್ತಾರೆ. ಅದನ್ನು ತಡೆಯಬೇಡಿ, ಆ ಪುನರಾವರ್ತನೆಯೇ ಈ ಕಥೆಯನ್ನು ನಡುವೆ ಹಿಡಿದು ನಿಲ್ಲಿಸಿರುವ ಕಂಬ. ಎರಡನೇ ದಿನ ಮತ್ತೆ ಅದೇ ಕಥೆ. ಈ ಸಲ ಒಂದು ಭಾಗ ಹೇಳಿ ಮುಗಿಸಿದ ಮೇಲೆ ಅದರ ಕಾರ್ಡ್ ದಾರಕ್ಕೆ ಸಿಕ್ಕಿಸಿ. ಮಾತು ಮೊದಲು, ಚಿತ್ರ ಆಮೇಲೆ. ಈ ಕ್ರಮ ಸಣ್ಣದಾಗಿ ಕಂಡರೂ ಬಹಳ ಕೆಲಸ ಮಾಡುತ್ತದೆ. ಚಿತ್ರ ಮೊದಲು ಬಂದರೆ ಮಗು ಚಿತ್ರದಿಂದ ಮಾತು ಹುಡುಕುತ್ತದೆ. ಮಾತು ಮೊದಲು ಬಂದರೆ ಚಿತ್ರ ಆ ಮಾತಿನ ಗುರುತಾಗಿ ಉಳಿಯುತ್ತದೆ, ಊರಿಗೆ ಹೋಗುವ ದಾರಿಯಲ್ಲಿ ಆಲದ ಮರ ಗುರುತಾಗಿ ಉಳಿಯುವ ಹಾಗೆ.

ಮೂರನೇ ದಿನ ಎಲ್ಲರೂ ಸೇರಿ ಹೇಳುವುದು. ಕಾರ್ಡ್‌ಗಳು ದಾರದಲ್ಲಿ ಇರಲಿ, ಆದರೆ ಬೆನ್ನು ಈಚೆಗೆ, ಚಿತ್ರ ಗೋಡೆಗೆ. ಮೊದಲ ವಾಕ್ಯ ನೀವೇ ಕೊಡಿ: "ಒಂದೂರಾಗ ಒಂದು ಕಾಗಿ, ಒಂದು ಗುಬ್ಬಿ ಇದ್ದುವಂತ. ಕಾಗೀದು..." ಅಂದು ನಿಲ್ಲಿಸಿ. ಆ "ಇದ್ದುವಂತ" ಎಂಬ ಎಳೆ ಹಿಡಿದ ಮಗು ಮುಂದಿನ ವಾಕ್ಯವನ್ನೂ ಅದೇ ಕಾಲದಲ್ಲೇ ಹೇಳುತ್ತದೆ: "ಸಗಣಿ ಮನಿ ಇತ್ತಂತ." ಇದನ್ನು ನಾನು ಎಷ್ಟೋ ತರಗತಿಗಳಲ್ಲಿ ನೋಡಿದ್ದೇನೆ, ಪ್ರತಿ ಸಲವೂ ನನಗೆ ಖುಷಿಯಾಗುತ್ತದೆ. ವ್ಯಾಕರಣ ಯಾರೂ ಹೇಳಿಕೊಟ್ಟಿರುವುದಿಲ್ಲ. ಒಂದು ಭಾಗ ಹೇಳಿಯಾದ ಮೇಲೆ ಒಬ್ಬ ಮಗು ಎದ್ದು ಆ ಕಾರ್ಡ್ ತಿರುಗಿಸಿ, ಹೇಳುವಾಗ ಏನಾದರೂ ಬಿಟ್ಟುಹೋಯಿತಾ ಅಂತ ನೋಡಲಿ. ಚಿತ್ರ ಈಗ ತಾಳೆ ನೋಡಲಿಕ್ಕೆ.

ನೀವು ಕೇಳುವ ಪ್ರಶ್ನೆಯೂ ಬದಲಾಗಬೇಕು. "ಏನು ಕಾಣ್ತದೆ", "ಇದು ಏನು" ಎರಡನ್ನೂ ಈ ಹೊತ್ತಿನಲ್ಲಿ ಬಿಟ್ಟುಬಿಡಿ. ಮೊದಲ ಭಾಗಕ್ಕೆ "ಯಾರ್ಯಾರು ಇದ್ರು, ಹೆಂಗಿದ್ರು?", ನಡುವಿಗೆ "ಅಷ್ಟರಾಗ ಏನಾತು?", ಕೊನೆಗೆ "ಕಡೀಕೆ ಏನಾತು?". ಈ ಮೂರರಲ್ಲಿ ಒಂದೂ ಚಿತ್ರದ ಕಡೆ ಬೆರಳು ಮಾಡುವುದಿಲ್ಲ. "ಆಮ್ಯಾಲ?" ಅಂತ ಮಾತ್ರ ಕೇಳುತ್ತ ಹೋದರೆ ಮಗುವೂ "ಆಮ್ಯಾಲ... ಆಮ್ಯಾಲ..." ಅಂತಲೇ ಸರಪಳಿ ಎಳೆಯುತ್ತದೆ. ಹತ್ತು ಘಟನೆ ಸಾಲಾಗಿ ಬರುತ್ತವೆ, ಒಂದಕ್ಕೊಂದು ಏನು ಸಂಬಂಧ ಅಂತ ಗೊತ್ತಾಗುವುದಿಲ್ಲ. ಆ ಹೊತ್ತಿಗೆ ಒಂದು ಸಲ "ಯಾಕ?" ಅಂತ ಸೇರಿಸಿ. "ಕಾಗಿ ಗುಬ್ಬಿ ಮನಿಗೆ ಯಾಕ ಹೋತು?" ಅಂದರೆ "ಮನಿ ಕೊಚ್ಚಿಗೊಂಡು ಹೋತು, ಅದಕ್ಕ" ಅಂತ ಬರುತ್ತದೆ. ಆ "ಅದಕ್ಕ" ಬಂದ ದಿನ ನಡುವಿನ ಭಾಗ ಅರ್ಥವಾಯಿತು ಅಂತ ಬರೆದುಕೊಳ್ಳಿ.

ಯಾಕೆಂದರೆ ಮಕ್ಕಳು ಬಿಟ್ಟುಬಿಡುವುದು ಹೆಚ್ಚಾಗಿ ನಡುವನ್ನೇ. ಮೊದಲಿನದು ಸುಲಭ, ಯಾರಿದ್ದರು ಅಂದರೆ ಆಯಿತು. ಕೊನೆಯದು ಈಗಷ್ಟೇ ಕೇಳಿದ್ದು, ನಾಲಿಗೆ ತುದಿಯಲ್ಲಿರುತ್ತದೆ. ನಡುವೆ ಅಂದರೆ ಎರಡನೇ ಕಾರ್ಡ್ ಅಂತ ನಾವು ಹೇಳಿಕೊಟ್ಟಿರುತ್ತೇವೆ, ಆದರೆ ನಡುವೆ ಅಂದರೆ ತೊಂದರೆ, ಪೇಚಾಟ. ಆ ಮಾತಿನಲ್ಲೇ ಹೇಳಿಕೊಟ್ಟರೆ ಮಕ್ಕಳಿಗೆ ಬೇಗ ಹಿಡಿಸುತ್ತದೆ: "ಮೊದಲು ಎಲ್ಲಾ ಚಲೋ ಇತ್ತು. ನಡುವ ಒಂದು ತ್ರಾಸ ಬಂತು. ಕಡೀಕೆ ಆ ತ್ರಾಸ ಏನಾತು?" ಮನೆಯ ಸಂಗತಿಗೂ ಇದೇ ಅಳತೆ ಹಾಕಬಹುದು. ನಿನ್ನೆ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿದ್ದನ್ನು ಒಬ್ಬ ಹುಡುಗ ಹೇಳಿದರೆ ಅದರಲ್ಲೂ ಮೊದಲು, ತ್ರಾಸ, ಕಡೆ ಇರುತ್ತವೆ. ಕಥೆಗೆ ಹೋಗುವ ಮುಂಚೆ ಒಂದೆರಡು ದಿನ ಇಂಥದ್ದನ್ನು ಹೇಳಿಸಿ, ಅದನ್ನೇ ಬೋರ್ಡಿನ ಮೇಲೆ ಮೂರು ಚೌಕದಲ್ಲಿ ಗೀಚಿ ತೋರಿಸಿದರೂ ನಡೆಯುತ್ತದೆ.

ನಾಲ್ಕನೇ ದಿನದಿಂದ ಒಬ್ಬೊಬ್ಬರಾಗಿ. ಇಲ್ಲಿ ನಿಮಗೆ ಒಂದು ಅನುಕೂಲ ಇದೆ, ಒಂದು ಎರಡು ಮೂರನೇ ತರಗತಿ ಒಂದೇ ಕೋಣೆಯಲ್ಲಿವೆ. ಕಥೆ ಹೇಳುವ ಹೊತ್ತಿಗೆ ಎರಡನೇ ಅಥವಾ ಮೂರನೇ ತರಗತಿಯ ಒಂದಿಬ್ಬರು ಹೊರಗೆ ಜಗಲಿಯ ಮೇಲೆ ಬೇರೆ ಕೆಲಸದಲ್ಲಿರಲಿ. ಆಮೇಲೆ ಅವರನ್ನು ಕೇಳುಗರಾಗಿ ಕೂರಿಸಿ. ಅವರಿಗೆ ಕಥೆ ಗೊತ್ತಿರಬಾರದು, ಹಾಗಾಗಿ ಈ ಹಂತಕ್ಕೆ ಎಲ್ಲರಿಗೂ ಗೊತ್ತಿರುವ ಕಾಗಕ್ಕ ಗುಬ್ಬಕ್ಕ ಸಾಲದು. ನಿಮ್ಮದೇ ಒಂದು ಹೊಸ ಸಣ್ಣ ಕಥೆ ಕಟ್ಟಿ. ಉದಾಹರಣೆಗೆ ಮೇಕೆಮರಿ ಒಂದು ಗಡಿಗೆಯಲ್ಲಿ ತಲೆ ತೂರಿಸಿ ಸಿಕ್ಕಿಸಿಕೊಂಡು, ಊರೆಲ್ಲ ಓಡಾಡಿ, ಕಡೆಗೆ ಕಲ್ಲಿಗೆ ಬಡಿದು ಗಡಿಗೆ ಒಡೆದದ್ದು. ಕಾರ್ಡ್‌ಗಳು ಹೇಳುವ ಮಗುವಿನ ಕೈಯಲ್ಲಿ ಇಸ್ಪೀಟ್ ಎಲೆ ಹಿಡಿದ ಹಾಗೆ ಇರಲಿ, ಚಿತ್ರ ತನಗೆ ಮಾತ್ರ ಕಾಣುವಂತೆ. ಕೇಳುವವನು ಹೇಳಿದ್ದನ್ನು ಕೇಳಿ, ಇನ್ನೊಂದು ಜೊತೆ ಕಾರ್ಡ್‌ನಿಂದ ಕ್ರಮ ಜೋಡಿಸಬೇಕು. "ಇದು ಮ್ಯಾಕಿ" ಅಂದರೆ ಅವನು "ಮ್ಯಾಕಿ ಮೂರರಾಗೂ ಐತಿ, ಏನಾತು ಹೇಳಲೇ" ಅನ್ನುತ್ತಾನೆ. ನಾವು ಹತ್ತು ಸಲ ಕೇಳಿದರೂ ಬಾರದ ಮಾತು ಆ ಒಂದು ಗದರಿಕೆಗೆ ಬರುತ್ತದೆ. ನಿಜವಾಗಿ ಗೊತ್ತಿಲ್ಲದವರು ಎದುರಿಗಿದ್ದಾಗ ಹೇಳುವುದಕ್ಕೆ ಕಾರಣ ಸಿಗುತ್ತದೆ.

ದಿನಕ್ಕೆ ನಾಲ್ಕು ಮಕ್ಕಳದ್ದು ನೀವು ಕಿವಿಗೊಟ್ಟು ಕೇಳಿದರೆ ಸಾಕು. 14 ಮಕ್ಕಳು ನಾಲ್ಕು ದಿನದಲ್ಲಿ ಮುಗಿಯುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಮೂರು ಮನೆ ಹಾಕಿಕೊಳ್ಳಿ: ಮೊದಲು, ತ್ರಾಸ, ಕಡೆ. ತಾನಾಗಿ ಹೇಳಿದರೆ ಸರಿ ಗುರುತು, ನೀವು ಕೇಳಿದ ಮೇಲೆ ಹೇಳಿದರೆ ಅರ್ಧ ಗೆರೆ, ಇಲ್ಲದಿದ್ದರೆ ಖಾಲಿ. ಪಕ್ಕದಲ್ಲಿ ಮಗು ಆಡಿದ ಒಂದು ವಾಕ್ಯವನ್ನು ಹಾಗೇ ಬರೆದಿಡಿ. ಅಂಕ ಬೇಡ. ಆ ಒಂದು ವಾಕ್ಯವೇ ಮುಂದೆ ನಿಮಗೆ ಎಲ್ಲ ಹೇಳುತ್ತದೆ.

ನನ್ನ ಹಳೆಯ ನೋಟ್‌ಬುಕ್ಕಿನಿಂದ ಒಬ್ಬ ಹುಡುಗಿಯದು ಹೇಳುತ್ತೇನೆ, ಕಥೆ ಇದೇ ಕಾಗಕ್ಕ ಗುಬ್ಬಕ್ಕನದು. ಮೊದಲ ಸಲ, ಕಾರ್ಡ್ ಎದುರಿಗಿಟ್ಟುಕೊಂಡು: "ಎರಡು ಮನಿ ಅದಾವ. ಮಳಿ ಬರಾಕತ್ತೈತಿ. ಕಾಗಿ ಒಲಿ ಮುಂದ ಕುಂತೈತಿ." ಮೂರು ಕಾರ್ಡ್, ಮೂರು ವಾಕ್ಯ, ಮೂರೂ ಕಣ್ಣಿಗೆ ಕಾಣುವುದು. ನಾನು ಮೂರು ಮನೆಯಲ್ಲೂ ಸರಿ ಗುರುತು ಹಾಕಬಹುದಿತ್ತು, ಕ್ರಮ ಸರಿಯಾಗಿದೆಯಲ್ಲ. ಹಾಕಲಿಲ್ಲ, ಏಕೆಂದರೆ ಕಥೆ ಕೇಳದ ಮಗುವೂ ಆ ಚಿತ್ರ ನೋಡಿ ಇಷ್ಟು ಹೇಳಬಹುದು. ಒಂದು ವಾರದ ನಂತರ, ಕಾರ್ಡ್ ಬೆನ್ನು ಮಾಡಿಟ್ಟು: "ಕಾಗಿದು ಸಗಣಿ ಮನಿ ಇತ್ತಂತ. ಗುಬ್ಬಿದು ಕಲ್ಲಿಂದು. ಮಳಿ ಬಂದು ಮನಿ ಹೋತಂತ. ಕಾಗಿ ಒಲಿ ಮುಂದ ಕುಂತಂತ." ಕಾಲ ಬದಲಾಗಿದೆ. "ಮಳಿ ಬಂದು ಮನಿ ಹೋತು" ಎಂಬಲ್ಲಿ ಎರಡು ಘಟನೆ ಒಂದಕ್ಕೊಂದು ಅಂಟಿವೆ. ಆದರೆ ಬಾಗಿಲು ಬಡಿದದ್ದು ಇಲ್ಲವೇ ಇಲ್ಲ, ಕಾಗೆ ಹೇಗೆ ಒಳಗೆ ಬಂತು ಅಂತ ಗೊತ್ತಾಗುವುದಿಲ್ಲ. ತ್ರಾಸಕ್ಕೆ ಅರ್ಧ ಗೆರೆ. ಅವಳಿಗೆ "ಕಾಗಿ ಒಳಗ ಹೆಂಗ ಬಂತು?" ಅಂತ ಒಂದೇ ಪ್ರಶ್ನೆ ಕೇಳಿ ಬಿಟ್ಟೆ. ಮೂರನೇ ವಾರ ಒಬ್ಬ ಮೂರನೇ ತರಗತಿಯ ಹುಡುಗನಿಗೆ ಹೇಳುವಾಗ, ನೆಲವನ್ನು ಬೆರಳಿನಿಂದ ಕುಟ್ಟುತ್ತ: "ಗುಬ್ಬಕ್ಕ ಗುಬ್ಬಕ್ಕ ಬಾಗಲಾ ತಗಿ ಅಂದ್ತಂತ. ತಡೀ, ಕೂಸಿಗೆ ಎಣ್ಣಿ ಹಚ್ಚಾಕತ್ತೀನಿ ಅಂದ್ತಂತ. ಕಾಗಿ ನಡಗಾಕತ್ತಿತ್ತಂತ."

ಎಣ್ಣೆ ಹಚ್ಚುವುದು ನನ್ನ ಕಥೆಯಲ್ಲಿ ಇರಲಿಲ್ಲ. ಅವಳ ಮನೆಯಲ್ಲಿ ಆಗ ಸಣ್ಣ ಕೂಸಿತ್ತು. ಕಾಗೆ ನಡುಗುತ್ತಿದ್ದದ್ದು ಚಿತ್ರದಲ್ಲಿ ಇರಲಿಲ್ಲ.

ಒಂದೇ ಒಂದು ಲಕ್ಷಣ ನೋಡಬೇಕು ಅಂದರೆ ನಾನು ಇದನ್ನು ನೋಡುತ್ತೇನೆ: ಮಗು ಚಿತ್ರದಲ್ಲಿ ಇಲ್ಲದ್ದನ್ನು ಏನಾದರೂ ಹೇಳಿತಾ? ಕಾರ್ಡ್‌ಗೆ ಒಂದು ಮಿತಿ ಇದೆ. ಮಳೆಯನ್ನು ಬರೆಯಬಹುದು, ಬಾಗಿಲನ್ನು ಬರೆಯಬಹುದು. "ತಡಿ" ಅನ್ನುವ ಮಾತನ್ನು ಬರೆಯಲಾಗುವುದಿಲ್ಲ, ಮೂರು ಸಲ ಬಡಿದದ್ದನ್ನು ಒಂದು ಚಿತ್ರದಲ್ಲಿ ತೋರಿಸಲಾಗುವುದಿಲ್ಲ, ಎಷ್ಟು ಹೊತ್ತು ಕಾದಳು ಅನ್ನುವುದನ್ನೂ ಆಗುವುದಿಲ್ಲ. ಅವು ಬಂದರೆ ಮಗು ಕಥೆಯಿಂದಲೇ ತಂದಿದೆ. ಹಾಗೆಯೇ ಹೊಸದಾಗಿ ಸೇರಿಸಿದ್ದನ್ನು ತಿದ್ದಬೇಡಿ. ಎಣ್ಣೆ ಹಚ್ಚುವುದು ಆ ಜಾಗಕ್ಕೆ ಒಪ್ಪುತ್ತದೆ, ಗುಬ್ಬಿ ತಡಮಾಡಲು ಒಂದು ಕಾರಣ ಬೇಕಿತ್ತು ಅಂತ ಅವಳಿಗೆ ಅರ್ಥವಾಗಿದೆ. ಮಳೆಯಲ್ಲಿ ಕಲ್ಲಿನ ಮನೆ ಕೊಚ್ಚಿ ಹೋಯಿತು ಅಂದರೆ ಮಾತ್ರ ನಿಲ್ಲಿಸಿ, "ಹಂಗಾದ್ರ ಕಾಗಿ ಯಾರ ಮನಿಗೆ ಬಂತು?" ಅಂತ ಕೇಳಿ. ಅದೇ ಸರಿಮಾಡಿಕೊಳ್ಳುತ್ತದೆ.

ಮೂರು ವಾರ ಅಂದದ್ದು ಸುಮ್ಮನೆ ಅಲ್ಲ. ಅಮೆರಿಕದ ಲೆಸ್ಲಿ ಮಾರೋ ಎಂಬ ಸಂಶೋಧಕಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಮ್ಮ ಮಕ್ಕಳಿಗಿಂತ ಸ್ವಲ್ಪ ಚಿಕ್ಕ ಮಕ್ಕಳಿಂದ ಕೇಳಿದ ಕಥೆಯನ್ನು ಮತ್ತೆ ಹೇಳಿಸಿದ್ದರು. ಒಂದೇ ಸಲ ಹೇಳಿಸಿದಾಗ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಯಾರು, ಎಲ್ಲಿ, ಏನು ತೊಂದರೆ ಅಂತ ಶಿಕ್ಷಕರು ನೆರವಾಗುತ್ತ ವಾರ ವಾರ ಹೇಳಿಸಿದಾಗ ಕಥೆಯ ಅರ್ಥಗ್ರಹಣವೂ ಮಾತೂ ಬೆಳೆದವು. ನಮ್ಮಲ್ಲಿ ಒಂದು ಕಥೆಗೆ ಒಂದು ಪೀರಿಯಡ್ ಕೊಟ್ಟು, ಕಾರ್ಡ್ ಜೋಡಿಸಿದರು ಅಂತ ಬರೆದು, ಮುಂದಿನ ಕಥೆಗೆ ಹೋಗುವ ಆತುರ ಇರುತ್ತದೆ. ತಿಂಗಳಿಗೆ ಎರಡೇ ಕಥೆ ಆಗಲಿ. ಮಕ್ಕಳಿಗೆ ಒಂದೇ ಕಥೆ ಬೇಸರವಾಗುವುದಿಲ್ಲ, ಬೇಸರ ಆಗುವುದು ನಮಗೆ.

ನಾಲ್ಕು, ಐದು ಕಾರ್ಡ್‌ಗೆ ಯಾವಾಗ ಹೋಗಬಹುದು ಅಂದರೆ, ಹೆಚ್ಚಿನ ಮಕ್ಕಳಿಗೆ ತ್ರಾಸದ ಮನೆಯಲ್ಲಿ ಸರಿ ಗುರುತು ಬಿದ್ದ ಮೇಲೆ. ಆಗಲೂ ಮೊದಲು ಮತ್ತು ಕಡೆ ಒಂದೊಂದೇ ಇರಲಿ, ಹೆಚ್ಚುವುದು ನಡುವಿನದು ಮಾತ್ರ: ಮನೆ ಕರಗಿದ್ದು ಒಂದು, ಬಾಗಿಲಲ್ಲಿ ನಿಂತದ್ದು ಒಂದು. ಅದರ ಜೊತೆಗೆ ಒಂದು ಹಾಳೆಯನ್ನು ಮೂರು ಮಡಿಕೆ ಮಾಡಿ ಮಕ್ಕಳೇ ತಮ್ಮ ಕಾರ್ಡ್ ಬರೆಯಲಿ. ಗೀಚಿದ್ದು ನಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ. ತಾನು ಬರೆದ ಚಿತ್ರವನ್ನು ತೋರಿಸಿ ಮಗು ಬರೀ "ಇದು ಕಾಗಿ" ಅಂತ ಹೇಳಿ ನಿಲ್ಲಿಸುವುದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ.

ತಾಂಡಾದ ಆ ಇಬ್ಬರ ವಿಷಯಕ್ಕೆ ಬರುತ್ತೇನೆ. ಅವರ ಮನೆಮಾತು ಲಂಬಾಣಿ. ಕಥೆ ಕೇಳಿ ತಿಳಿಯುವುದು ಒಂದು ಕೆಲಸ, ನೆನಪಿಟ್ಟು ಸಾಲಾಗಿ ಹೇಳುವುದು ಎರಡನೆಯದು, ಅದನ್ನು ಕನ್ನಡದಲ್ಲಿ ಹೇಳುವುದು ಮೂರನೆಯದು. ಮೂರನ್ನೂ ಒಟ್ಟಿಗೆ ಕೇಳಿದರೆ ಆರು ವರ್ಷದ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಮೂರನೆಯದನ್ನು ಸದ್ಯಕ್ಕೆ ತೆಗೆದುಬಿಡಿ. ಅವರಿಬ್ಬರೂ ಒಬ್ಬರಿಗೊಬ್ಬರು ಲಂಬಾಣಿಯಲ್ಲೇ ಹೇಳಲಿ. ನಿಮಗೆ ಆ ಭಾಷೆ ಬಾರದಿದ್ದರೂ ಕಾರ್ಡ್ ಇಲ್ಲಿ ನಿಮಗೆ ನೆರವಾಗುತ್ತದೆ, ಏಕೆಂದರೆ ಹೇಳುತ್ತ ಹೇಳುತ್ತ ಅವರು ಯಾವ ಹೊತ್ತಿಗೆ ಯಾವ ಕಾರ್ಡ್ ತಿರುಗಿಸುತ್ತಾರೆ ಅಂತ ನಿಮಗೆ ಕಾಣುತ್ತದೆ. ನಡುವಿನ ಕಾರ್ಡ್ ಮೇಲೆ ಹೆಚ್ಚು ಹೊತ್ತು ನಿಂತರಾ, ಬಾಗಿಲು ಬಡಿಯುವ ಸದ್ದು ಮಾಡಿದರಾ, ಅಷ್ಟು ನೋಡಿದರೆ ಕಥೆ ತಿಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಮೂರನೇ ತರಗತಿಯಲ್ಲಿ ತಾಂಡಾದ ಮಗು ಯಾರಾದರೂ ಇದ್ದರೆ ಪಕ್ಕದಲ್ಲಿ ಕೂತು ಕೇಳಿ, "ಅಕ್ಕೋರ, ಹಿಂಗ ಹೇಳ್ಯಾರ" ಅಂತ ನಿಮಗೆ ಕನ್ನಡದಲ್ಲಿ ಹೇಳಲಿ.

ಕನ್ನಡದಲ್ಲಿ ಅವರಿಂದ ಮೊದಲು ಹೇಳಿಸಬೇಕಾದದ್ದು ಇಡೀ ಕಥೆಯನ್ನಲ್ಲ, ಕಾಗಕ್ಕನ ಆ ಒಂದು ಮಾತನ್ನು. ಎಲ್ಲರೂ ಸೇರಿ ಕಥೆ ಹೇಳುವ ದಿನ, ಉಳಿದದ್ದೆಲ್ಲ ಬೇರೆಯವರು ಹೇಳಲಿ, "ಗುಬ್ಬಕ್ಕ ಗುಬ್ಬಕ್ಕ ಬಾಗಲಾ ತಗಿ" ಎಂಬುದು ಅವರಿಬ್ಬರದ್ದೇ ಇರಲಿ, ಇಡೀ ತರಗತಿ ಆ ಮಾತಿಗೆ ಕಾಯಲಿ. ಮೂರು ಸಲ ಬರುತ್ತದೆ. ಮೊದಲ ಸಲ ನೀವು ಜೊತೆಗೆ ಹೇಳಿ, ಎರಡನೇ ಸಲ ದನಿ ತಗ್ಗಿಸಿ, ಮೂರನೇ ಸಲ ಸುಮ್ಮನಿರಿ. ಬರದಿದ್ದರೆ ಮಾರನೇ ದಿನ ಮತ್ತೆ. ನನ್ನ ತರಗತಿಯಲ್ಲಿ ಇಂಥ ಒಬ್ಬ ಹುಡುಗ ಎಂಟನೇ ದಿನ ಬಾಯಿ ತೆರೆದ. ಬಾಗಿಲು ತೆರೆಯಲು ಗುಬ್ಬಕ್ಕ ಬಹಳ ತಡಮಾಡುತ್ತಿದ್ದಾಳೆ ಅಂತ ಅವನಿಗೆ ಸಿಟ್ಟು ಬಂದಿತ್ತು. ನಾಲ್ಕನೇ ಸಲವೂ ಬಡಿದ.